ಮೂಲ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಬೇಡ, ಪಿನ್ನೂ ಬೇಡ

ನಮ್ಮ ಅಣ್ಣನ ಮಗನಿಗೆ ದುಬೈನಲ್ಲಿ ಕೆಲಸ ಸಿಕ್ಕಿತು. ಕಂಪನಿಯವರು ಡಿಗ್ರಿ ಸರ್ಟಿಫಿಕೇಟಿಗೆ ಅಟೆಸ್ಟೇಷನ್ ಮಾಡಿಸಿ ಎಂದರು. ಅತ್ತಿಗೆ ಅದನ್ನು ಜೋಪಾನ ಮಾಡಬೇಕೆಂದು ಎಂದೋ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದರು. ಕೌಂಟರಿನಲ್ಲಿ ಅದನ್ನು ನೋಡಿದ ತಕ್ಷಣ ವಾಪಸ್ ಕೊಟ್ಟರು.

ಕಾರಣ ಇಷ್ಟೇ. ಯುಎಇಗೆ ಹೋಗುವ ಡಿಗ್ರಿ ಮೊದಲು ರಾಜ್ಯ ಸರ್ಕಾರದ ದೃಢೀಕರಣ ಪಡೆಯಬೇಕು, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಆ ದೇಶದ ರಾಯಭಾರ ಕಚೇರಿಯದ್ದು. ಮೊಹರು, ಸಹಿ, ಸ್ಟಿಕ್ಕರ್ ಸಾಮಾನ್ಯವಾಗಿ ಸರ್ಟಿಫಿಕೇಟಿನ ಹಿಂಬದಿಗೆ ಬೀಳುತ್ತವೆ. ಪ್ಲಾಸ್ಟಿಕ್ ಮೇಲೆ ಮೊಹರಿನ ಶಾಯಿ ಕೂರುವುದಿಲ್ಲ, ಬೆರಳು ತಾಗಿದರೆ ಅಳಿಸುತ್ತದೆ. ಸ್ಟಿಕ್ಕರ್ ಅಂಟಿಸಿದರೂ ಅದು ಅಂಟುವುದು ಪ್ಲಾಸ್ಟಿಕ್ಕಿಗೆ, ಕಾಗದಕ್ಕಲ್ಲ. ಪರಿಶೀಲಿಸುವವರು ಉಬ್ಬು ಮುದ್ರೆಯನ್ನು ಬೆರಳಿಂದ ಮುಟ್ಟಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಲ್ಯಾಮಿನೇಷನ್ ಆದರೆ ಅದೂ ಸರಿಯಾಗಿ ಆಗುವುದಿಲ್ಲ.

ಪಿನ್ ವಿಷಯವೂ ಇದೇ. ಕೆಲವರು ಮೊಹರು ಬಿದ್ದ ಬೇರೆ ಹಾಳೆಯನ್ನೋ, ಸ್ಟ್ಯಾಂಪನ್ನೋ ಸರ್ಟಿಫಿಕೇಟಿಗೆ ಸ್ಟೇಪ್ಲರ್ ಪಿನ್ ಹೊಡೆದು ತರುತ್ತಾರೆ. ಪಿನ್ ಕಿತ್ತರೆ ಅದೇ ಹಾಳೆಯನ್ನು ಇನ್ಯಾರದೋ ಸರ್ಟಿಫಿಕೇಟಿಗೆ ಸೇರಿಸಬಹುದು ಅಲ್ವಾ? ಅದಕ್ಕೇ ಒಪ್ಪುವುದು ಕಷ್ಟ. ಹಲವು ಪುಟಗಳ ದಾಖಲೆಯಲ್ಲಿ ಪಿನ್ ತೆಗೆದು ಮತ್ತೆ ಹೊಡೆದ ತೂತುಗಳಿದ್ದರೆ, ಪುಟ ಬದಲಾಗಿದೆಯೇ ಎಂಬ ಅನುಮಾನ ಬರುತ್ತದೆ. ಕಚೇರಿಯವರೇ ಹೊಡೆದ ಪಿನ್ನನ್ನು ಜೆರಾಕ್ಸ್ ತೆಗೆಯಲೆಂದು ಸಹ ಬಿಚ್ಚಬೇಡಿ.

ಈಗಾಗಲೇ ಲ್ಯಾಮಿನೇಷನ್ ಆಗಿದ್ದರೆ ಮೊದಲು ಅಂಚು ನೋಡಿ. ಒಂದು ಬದಿ ತೆರೆದಿದ್ದು ಕಾಗದ ಒಳಗೆ ಸರಿದಾಡುತ್ತಿದ್ದರೆ ಅದು ಬರೀ ಕವರ್, ಮೆಲ್ಲಗೆ ಹೊರಗೆ ಎಳೆಯಿರಿ. ನಾಲ್ಕೂ ಕಡೆ ಅಂಟಿ, ಹಾಳೆಯ ಮೈಗೇ ಹತ್ತಿಕೊಂಡಿದ್ದರೆ ಬಿಸಿ ಲ್ಯಾಮಿನೇಷನ್. ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿದಿರುತ್ತದೆ. ಇಸ್ತ್ರಿಪೆಟ್ಟಿಗೆ ಇಟ್ಟು, ಬ್ಲೇಡ್ ಹಾಕಿ ಸುಲಿದರೆ ಅಕ್ಷರಗಳೂ ಪ್ಲಾಸ್ಟಿಕ್ ಜೊತೆಗೇ ಎದ್ದು ಬರುತ್ತವೆ. ದಯವಿಟ್ಟು ಮನೆಯಲ್ಲಿ ಪ್ರಯತ್ನಿಸಬೇಡಿ. ಹರಿದ ಸರ್ಟಿಫಿಕೇಟಿಗಿಂತ ಲ್ಯಾಮಿನೇಟ್ ಆದದ್ದೇ ಮೇಲು, ಏಕೆಂದರೆ ಕೊಟ್ಟ ಸಂಸ್ಥೆಯಿಂದಲೇ ಇನ್ನೊಂದು ಅಧಿಕೃತ ನಕಲು ಪ್ರತಿಗೆ ಅರ್ಜಿ ಹಾಕುವಾಗ ನೋಂದಣಿ ಸಂಖ್ಯೆ, ವರ್ಷ ಎಲ್ಲವೂ ಅದರಲ್ಲೇ ಓದಲು ಸಿಗುತ್ತವೆ.

ಮುಂದೆ ಹೀಗೆ ಮಾಡಿ. ಅಟೆಸ್ಟೇಷನ್ ಮಾಡುವ ಕಚೇರಿಗೆ ಲ್ಯಾಮಿನೇಟ್ ಆದ ಪ್ರತಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ನಡೆಯದಿದ್ದರೆ ಡಿಗ್ರಿಗೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಓದಿದ ಶಾಲೆಯಲ್ಲಿ ನಕಲು ಪ್ರತಿಯ ವಿಧಾನ ವಿಚಾರಿಸಿ. ಜನನ ಪ್ರಮಾಣಪತ್ರ ಮಾತ್ರ ಸುಲಭ, ನೋಂದಣಿ ಇದ್ದರೆ ಹೊಸ ಪ್ರತಿ ಸಿಗುತ್ತದೆ. ನಮ್ಮ ಹುಡುಗ ವಿಶ್ವವಿದ್ಯಾಲಯದಿಂದ ನಕಲು ಪ್ರತಿ ಪಡೆದ. ಅದು ಈಗ ಮಡಿಸದೆ, ಬೇಕಾದಾಗ ಹೊರತೆಗೆದು ಮತ್ತೆ ಇಡಬಹುದಾದ ಪ್ಲಾಸ್ಟಿಕ್ ಫೋಲ್ಡರಿನಲ್ಲಿದೆ. ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದು ಅದರ ಜೆರಾಕ್ಸಿಗೆ ಮಾತ್ರ.