ಕೆಂಪಾದ ಲೋಳೆಸರಕ್ಕೆ ನೀರು ಹೊಯ್ಯುವ ಮುನ್ನ

ಮಾರ್ಚ್ ಕೊನೆಯಲ್ಲಿ ಬೆಂಗಳೂರಿನ ಮಗನ ಮನೆಗೆ ಹೋಗಿದ್ದಾಗ ಸೊಸೆ ಮೊದಲು ತೋರಿಸಿದ್ದು ಪಶ್ಚಿಮದ ಕಿಟಕಿಯಲ್ಲಿದ್ದ ಲೋಳೆಸರದ ಕುಂಡವನ್ನು. ಎಲೆಗಳು ತೆಳ್ಳಗಾಗಿ, ಅಂಚುಗಳು ಒಳಕ್ಕೆ ಸುರುಳಿಕೊಂಡು, ಬಣ್ಣ ಹಳೆಯ ಇಟ್ಟಿಗೆಯಂತಾಗಿತ್ತು. "ದಿನವೂ ಅರ್ಧ ಲೋಟ ನೀರು ಹಾಕುತ್ತೇನೆ ಅತ್ತೆ, ಆದರೂ ಹೀಗೆ" ಎಂದಳು.

ಇಲ್ಲಿ ದೂರು ಒಂದಲ್ಲ, ಎರಡು. ಕೆಂಪು ಬಣ್ಣ ಬಿಸಿಲಿನದು. ಗಾಜಿನ ಹಿಂದೆ ಮಧ್ಯಾಹ್ನದ ಬಿಸಿಲು ಸುಡುವಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ಆ ಬಣ್ಣವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದೊಂದೇ ಆಗಿದ್ದರೆ ಎಲೆ ದಪ್ಪವಾಗಿಯೇ ಇರುತ್ತದೆ, ಗಾಬರಿ ಬೇಡ. ಆದರೆ ಎಲೆ ತೆಳುವಾಗಿ ಸುರುಳಿಕೊಂಡಿದೆ ಎಂದರೆ ಬೇರಿನಿಂದ ನೀರು ಬರುತ್ತಿಲ್ಲ, ಗಿಡ ಒಳಗಿನ ಲೋಳೆಯನ್ನೇ ಖರ್ಚು ಮಾಡಿ ಬದುಕುತ್ತಿದೆ. ಮಣ್ಣು ಒಣಗಿದರೂ ಹೀಗಾಗುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಹೀಗೇ ಆಗುತ್ತದೆ. ಹಾಗಾಗಿ ಎಲೆ ನೋಡಿ ನೀರು ಸುರಿಯಬಾರದು, ಮಣ್ಣು ನೋಡಬೇಕು.

ಕುಂಡವನ್ನು ಎತ್ತಿದೆ. ಖಾಲಿ ಡಬ್ಬಿಯಂತೆ ಹಗುರ. ಅಗರಬತ್ತಿಯ ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆದರೆ ಒಂದಿಷ್ಟೂ ಹಸಿಯಿಲ್ಲ. ನರ್ಸರಿಯವರು ಮಣ್ಣಿನ ಬದಲು ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿ ಕೊಟ್ಟಿದ್ದರು. ಅದು ಒಮ್ಮೆ ಪೂರ್ತಿ ಒಣಗಿದರೆ ಗಟ್ಟಿ ಉಂಡೆಯಾಗಿ ಕುಂಡದ ಅಂಚನ್ನು ಬಿಡುತ್ತದೆ. ಸೊಸೆ ಹಾಕಿದ ಅರ್ಧ ಲೋಟ ಆ ಸಂದಿಯಲ್ಲಿ ಇಳಿದು ತಟ್ಟೆ ಸೇರುತ್ತಿತ್ತು. ತಟ್ಟೆಯಲ್ಲಿ ನೀರು ಕಂಡವಳಿಗೆ ಗಿಡ ಕುಡಿದು ಮಿಕ್ಕಿದ್ದು ಎಂಬ ಸಮಾಧಾನ!

ಬಕೆಟ್‌ನಲ್ಲಿ ಕುಂಡದ ಅರ್ಧದಷ್ಟು ನೀರು ನಿಲ್ಲಿಸಿ, ಕುಂಡವನ್ನು ಅದರಲ್ಲಿಟ್ಟು ಮೇಲ್ಮೈ ಒದ್ದೆಯಾಗುವವರೆಗೆ ಬಿಟ್ಟೆವು. ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಪೂರ್ತಿ ಸೋರಿಸಿ, ಬೆಳಗಿನ ಎಳೆ ಬಿಸಿಲು ಮಾತ್ರ ಬೀಳುವ ಪೂರ್ವದ ಕಿಟಕಿಗೆ ಸಾಗಿಸಿದೆವು. ಮತ್ತೆ ನೀರು ಹಾಕುವುದು ಕಡ್ಡಿ ತಳದವರೆಗೂ ಒಣಗಿ ಬಂದ ಮೇಲೆಯೇ ಎಂದು ಹೇಳಿದೆ.

ಕಡ್ಡಿ ಹಸಿಯಾಗಿ ಬಂದು, ಮಣ್ಣಿನಿಂದ ಹುಳಿ ವಾಸನೆ ಹೊಡೆದಿದ್ದರೆ ನಾನು ಬಕೆಟ್ ಮುಟ್ಟುತ್ತಲೇ ಇರಲಿಲ್ಲ. ಗಿಡವನ್ನು ಕಿತ್ತು, ಕಂದಾಗಿ ಮೆತ್ತಗಾದ ಬೇರುಗಳನ್ನೆಲ್ಲ ಕತ್ತರಿಸಿ, ನೆರಳಿನಲ್ಲಿ ಮೂರು ದಿನ ಗಾಯ ಒಣಗಿಸಬೇಕು. ಬಳಿಕ ಕೆಂಪು ಮಣ್ಣಿಗೆ ಅಷ್ಟೇ ಪ್ರಮಾಣದ ದಪ್ಪ ಮರಳು ಬೆರೆಸಿ ನೆಟ್ಟು, ವಾರದವರೆಗೆ ನೀರು ಕೊಡಬಾರದು.

ಹತ್ತು ದಿನಕ್ಕೆ ಸೊಸೆ ಫೋಟೊ ಕಳಿಸಿದಳು. ಎಲೆಗಳು ತುಂಬಿಕೊಂಡು ಸುರುಳಿ ಬಿಚ್ಚಿದ್ದವು, ಕೆಂಪು ಮಾತ್ರ ಹಾಗೇ ಇತ್ತು. ಅದು ಇಳಿಯಲು ಇನ್ನೂ ಕೆಲವು ವಾರ ಬೇಕು. ಗರಿಗರಿಯಾಗಿ ಸುಟ್ಟ ತುದಿಗಳು ಎಂದೂ ಹಸಿರಾಗುವುದಿಲ್ಲ, ಕತ್ತರಿಸಿಬಿಡು ಎಂದು ಬರೆದೆ.