ದುಡ್ಡು ಕಟ್ಟಾಯಿತು, ಟಿಕೆಟ್ ಬರಲಿಲ್ಲ: ವಾಪಸ್ ಬರೋಕೆ ಹಿಡಿದ ಏಳು ದಿನ

ಅಮ್ಮನಿಗೆ ಮಂಡಿನೋವು. ಸ್ಲೀಪರ್ ಬಸ್ಸಿನಲ್ಲಿ ಮೇಲಿನ ಬರ್ತ್ ಹತ್ತೋಕೆ ಅವರಿಂದ ಆಗೋದಿಲ್ಲ. ಶಿರಸಿಯಿಂದ ಬೆಂಗಳೂರಿಗೆ ಬರುವ ಬಸ್ಸಿನಲ್ಲಿ ಮುಂದಿನ ಕಡೆ ಒಂದೇ ಒಂದು ಕೆಳಗಿನ ಬರ್ತ್ ಉಳಿದಿತ್ತು. ಅವತ್ತು ಶುಕ್ರವಾರ, 10ನೇ ತಾರೀಖು. ಬಸ್ ಬುಕಿಂಗ್ ಆ್ಯಪ್‌ನಲ್ಲಿ ಸೀಟು ಆರಿಸಿ, 980 ರೂಪಾಯಿ ಯುಪಿಐನಲ್ಲಿ ಕಳಿಸಿದೆ. ಪಿನ್ ಹಾಕಿದ ತಕ್ಷಣ ಬ್ಯಾಂಕಿನಿಂದ ದುಡ್ಡು ಕಟ್ಟಾದ ಮೆಸೇಜ್ ಬಂತು. ಬುಕಿಂಗ್ ಆ್ಯಪ್ ಮಾತ್ರ ಸುಮ್ನೆ ತಿರುಗುತ್ತಾ ಕೂತಿತು. ಕೊನೆಗೆ ‘ಬುಕಿಂಗ್ ಆಗಿಲ್ಲ’ ಅಂತ ತೋರಿಸಿತು.

ಮತ್ತೆ ಸೀಟುಗಳ ಪುಟಕ್ಕೆ ಹೋದರೆ ಅದೇ ಬರ್ತ್ ಈಗ ಖಾಲಿ ಇಲ್ಲ. ಯಾರೋ ತಗೊಂಡುಬಿಟ್ಟರು ಅಂತ ಗಾಬರಿಯಾಯಿತು. ಆದರೆ ಅದನ್ನು ಹಿಡಿದಿಟ್ಟಿದ್ದು ನನ್ನದೇ ಮೊದಲ ಬುಕಿಂಗ್. ದುಡ್ಡು ಕೊಡುವವರೆಗೂ ಸೀಟನ್ನು ಕೆಲವು ನಿಮಿಷ ಬೇರೆಯವರಿಗೆ ಕೊಡದೆ ತಡೆದಿಡುತ್ತಾರೆ, ಅಲ್ವಾ? ಪಾವತಿಯ ಖಬರು ಅಷ್ಟರೊಳಗೆ ಆ್ಯಪ್‌ಗೆ ಮುಟ್ಟದಿದ್ದರೆ ಬುಕಿಂಗ್ ಬಿದ್ದುಹೋಗುತ್ತದೆ. ಹತ್ತು ಹನ್ನೆರಡು ನಿಮಿಷ ಕಾದೆ. ‘ನನ್ನ ಬುಕಿಂಗ್‌ಗಳು’ ಪುಟದಲ್ಲೂ ಮೆಸೇಜ್‌ನಲ್ಲೂ ಟಿಕೆಟ್ ಬಂದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಅಷ್ಟರಲ್ಲಿ ಬರ್ತ್ ಮತ್ತೆ ಖಾಲಿ ತೋರಿಸಿತು. ಇನ್ನೊಂದು ಸಲ 980 ರೂಪಾಯಿ ಕೊಟ್ಟೆ, ಈ ಸಲ ಟಿಕೆಟ್ ಬಂತು. ಆ ಹತ್ತು ನಿಮಿಷ ಕಾಯಲೇಬೇಕು. ಇಲ್ಲದಿದ್ದರೆ ಮೊದಲ ಟಿಕೆಟ್ ತಡವಾಗಿ ಬಂದು, ಎರಡು ಟಿಕೆಟ್ ಆಗಿ, ಒಂದನ್ನು ಕ್ಯಾನ್ಸಲ್ ಮಾಡೋ ಚಾರ್ಜು ನಮ್ಮ ತಲೆಗೆ ಬರುತ್ತದೆ.

ಉಳಿದದ್ದು ಮೊದಲ 980.

ಮರುದಿನ ಬುಕಿಂಗ್ ಆ್ಯಪ್‌ನ ಸಹಾಯವಾಣಿಗೆ ಕೇಳಿದೆ. ‘ಸರ್, ನಮಗೆ ದುಡ್ಡು ಬಂದಿಲ್ಲ, ನಿಮ್ಮ ಬ್ಯಾಂಕಿಗೆ ಕೇಳಿ’ ಅಂದರು. ಬ್ಯಾಂಕಿನ ಸಹಾಯವಾಣಿಯವರು ‘ನಮ್ಮ ಕಡೆಯಿಂದ ದುಡ್ಡು ಹೋಗಿದೆ ಸರ್, ಟ್ರಾನ್ಸಾಕ್ಷನ್ ಸಕ್ಸೆಸ್ ಇದೆ, ಆ್ಯಪ್‌ನವರನ್ನೇ ಕೇಳಿ’ ಅಂದರು. ಕೇಳಿದಾಗ ಒಬ್ಬರು ಸುಳ್ಳು ಹೇಳ್ತಿದ್ದಾರೆ ಅನಿಸಿತು. ಆದರೆ ಎರಡೂ ನಿಜ ಇರಬಹುದು. ನಮ್ಮ ಬ್ಯಾಂಕು ಮತ್ತು ಬುಕಿಂಗ್ ಆ್ಯಪ್ ಎರಡರ ನಡುವೆ ಪೇಮೆಂಟ್ ಗೇಟ್‌ವೇ ಇರುತ್ತದೆ, ಆ್ಯಪ್‌ನವರ ಬ್ಯಾಂಕು ಇರುತ್ತದೆ. ದುಡ್ಡು ಅಲ್ಲಿವರೆಗೆ ಹೋಗಿ, ‘ಬಂತು’ ಅನ್ನೋ ಖಬರು ಮಾತ್ರ ಮುಂದೆ ಹೋಗದೆ ನಿಂತುಬಿಡಬಹುದು.

ಇಲ್ಲಿ ತಿಳಿದಿರಬೇಕಾದ ನಿಯಮ ಒಂದಿದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿತು, ಅದೇ ವರ್ಷ ಅಕ್ಟೋಬರ್ 15ರಿಂದ ಜಾರಿಗೆ ಬಂತು. ಯುಪಿಐನಲ್ಲಿ ವ್ಯಾಪಾರಿಗೆ ದುಡ್ಡು ಕೊಟ್ಟು, ನಮ್ಮ ಖಾತೆಯಿಂದ ಕಟ್ಟಾಗಿ, ಪಾವತಿ ಆಯಿತೆಂಬ ಖಬರು ವ್ಯಾಪಾರಿಗೆ ಮುಟ್ಟದಿದ್ದರೆ, ದುಡ್ಡು ಐದು ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಆನ್‌ಲೈನ್‌ನಲ್ಲಿ ಕಾರ್ಡ್ ನಂಬರ್ ಹಾಕಿ ಕೊಟ್ಟ ದುಡ್ಡಿಗೂ ಇದೇ ಐದು ದಿನ, ಇದೇ 100 ರೂಪಾಯಿ. ದಿನ ಎಣಿಸುವಾಗ ರಜೆ ಬಿಡುವ ಹಾಗಿಲ್ಲ, ಕ್ಯಾಲೆಂಡರ್ ದಿನವೇ ಲೆಕ್ಕ. ನನ್ನ ವಿಷಯದಲ್ಲಿ 11 ಎರಡನೇ ಶನಿವಾರ, 12 ಭಾನುವಾರ. ಎರಡೂ ದಿನ ಬ್ಯಾಂಕಿಗೆ ರಜೆ, ಆದರೂ ಗಡುವು 15ನೇ ತಾರೀಖಿಗೇ ಮುಗಿಯುತ್ತದೆ.

ಆದರೆ ಇದು ಎಲ್ಲ ಟಿಕೆಟ್ ಗೋಳಿಗೂ ಅನ್ವಯಿಸೋದಿಲ್ಲ. ದುಡ್ಡು ಬಂದಿದೆ ಅಂತ ಆ್ಯಪ್‌ನವರು ಒಪ್ಪಿಕೊಂಡು, ಸೀಟು ಸಿಗಲಿಲ್ಲ, ರಿಫಂಡ್ ಮಾಡ್ತೀವಿ ಅಂದರೆ ಅದರ ದಾರಿಯೇ ಬೇರೆ. ಅಲ್ಲಿ ಪಾವತಿ ಪೂರ್ತಿಯಾಗಿದೆ, ಹಾಗಾಗಿ ದಿನಕ್ಕೆ 100 ರೂಪಾಯಿ ಕೇಳೋಕೆ ಬರೋದಿಲ್ಲ. ಅವರು ಹೇಳುವ ಗಡುವೂ ಸಾಮಾನ್ಯವಾಗಿ ಕೆಲಸದ ದಿನಗಳ ಲೆಕ್ಕದಲ್ಲಿರುತ್ತದೆ. ಆಗ ಬ್ಯಾಂಕಿನ ಹಿಂದೆ ಬಿದ್ದು ಪ್ರಯೋಜನವಿಲ್ಲ. ರಿಫಂಡ್ ಕಳಿಸಿದ್ದರ ರೆಫರೆನ್ಸ್ ನಂಬರ್ ಆ್ಯಪ್‌ನವರಿಂದ ತಗೊಂಡು, ಅದನ್ನು ಹಿಡಿದು ಬ್ಯಾಂಕಿನಲ್ಲಿ ಹುಡುಕಿಸಬೇಕು.

ಅದಕ್ಕೇ ನಾನು ಫೋನ್ ಬಿಟ್ಟು ಬರವಣಿಗೆಗೆ ಬಂದೆ. ಆ್ಯಪ್‌ನವರಿಗೆ ಮೇಲ್ ಹಾಕಿದೆ. ಬುಕಿಂಗ್ ಐಡಿ, ತಾರೀಖು, ಹೊತ್ತು, ಮೊತ್ತ, ಯುಪಿಐ ಆ್ಯಪ್‌ನಲ್ಲಿ ಆ ವ್ಯವಹಾರ ಒತ್ತಿದರೆ ಕಾಣುವ 12 ಅಂಕಿಯ ಯುಟಿಆರ್ ನಂಬರ್ ಕೊಟ್ಟು, ಒಂದೇ ಪ್ರಶ್ನೆ ಕೇಳಿದೆ: ‘ಈ ನಂಬರಿನ ಪಾವತಿ ನಿಮಗೆ ಬಂದಿದೆಯೋ ಇಲ್ಲವೋ, ಬರೆದು ತಿಳಿಸಿ.’ ಸೋಮವಾರ ಉತ್ತರ ಬಂತು: ಈ ಬುಕಿಂಗ್‌ಗೆ ಪಾವತಿ ಖಚಿತವಾಗಿಲ್ಲ. ಒಂದೇ ಸಾಲು, ಆದರೆ ನನಗೆ ಬೇಕಿದ್ದದ್ದು ಅದೇ. ನನ್ನದು ಐದು ದಿನದ ನಿಯಮದೊಳಗೆ ಬಂತು.

ಮಧ್ಯೆ ಭಾನುವಾರ ನಮ್ಮಣ್ಣ ಸಹಾಯ ಮಾಡೋಕೆ ಹೋಗಿ, ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರ್‌ಗೆ ಫೋನ್ ಮಾಡಿದ. ಆ ಕಡೆಯವನು ‘ಒಂದು ರಿಕ್ವೆಸ್ಟ್ ಕಳಿಸ್ತೀನಿ, ಪಿನ್ ಹಾಕಿ, 980 ವಾಪಸ್ ಬರುತ್ತೆ’ ಅಂದ. ಅಣ್ಣನ ಕೈಯಿಂದ ಫೋನ್ ಕಿತ್ತುಕೊಂಡೆ. ದುಡ್ಡು ಬರೋಕೆ ಪಿನ್ ಬೇಕಿಲ್ಲ. ಅಂಥ ರಿಕ್ವೆಸ್ಟ್‌ಗೆ ಪಿನ್ ಹಾಕಿದರೆ ನಮ್ಮ ದುಡ್ಡೇ ಹೋಗುತ್ತದೆ. ಟಿಕೆಟ್ ದುಡ್ಡು ಸಿಕ್ಕಿಹಾಕಿಕೊಂಡು ಚಡಪಡಿಸುವವರನ್ನೇ ಈ ಜನ ಕಾಯ್ತಾ ಇರ್ತಾರೆ. ನಂಬರ್ ಬೇಕಿದ್ದರೆ ಆ್ಯಪ್‌ನ ಒಳಗಿನಿಂದಲೇ ತೆಗೆಯಬೇಕು.

15ನೇ ತಾರೀಖು ಬುಧವಾರ ರಾತ್ರಿವರೆಗೂ ದುಡ್ಡು ಬರಲಿಲ್ಲ. ಗುರುವಾರ ಬೆಳಿಗ್ಗೆ ಎರಡು ಕೆಲಸ ಮಾಡಿದೆ. ಯುಪಿಐ ಆ್ಯಪ್‌ನಲ್ಲಿ ಅದೇ ವ್ಯವಹಾರ ತೆರೆದು, ‘ದುಡ್ಡು ಕಟ್ಟಾಗಿದೆ, ವ್ಯಾಪಾರಿಗೆ ಖಬರು ಸಿಕ್ಕಿಲ್ಲ’ ಅನ್ನೋ ಅರ್ಥದ ಕಾರಣ ಆರಿಸಿ ದೂರು ದಾಖಲಿಸಿದೆ. ಇನ್ನೊಂದು, ಬ್ಯಾಂಕಿಗೆ ಮೇಲ್. ಆ್ಯಪ್‌ನವರ ಆ ಒಂದು ಸಾಲಿನ ಉತ್ತರವನ್ನು ಜೊತೆಗೆ ಇಟ್ಟು, ಐದು ದಿನದ ಗಡುವು 15ಕ್ಕೆ ಮುಗಿದಿದೆ, 16ರಿಂದ ದಿನಕ್ಕೆ 100 ರೂಪಾಯಿ ಪರಿಹಾರವೂ ಸೇರಿಸಿ ಕೊಡಿ ಅಂತ ಬರೆದೆ. ದೂರಿನ ನಂಬರ್ ಬರೆದಿಟ್ಟುಕೊಂಡೆ. ಬ್ಯಾಂಕು 30 ದಿನದೊಳಗೆ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿ ಅನಿಸದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಫೀಸಿಲ್ಲ. ಆ ದೂರಿಗೂ ಮೊದಲು ಬ್ಯಾಂಕಿಗೆ ಬರೆದ ಈ ದಾಖಲೆಯೇ ಬೇಕು.

ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಶುಕ್ರವಾರ, 17ಕ್ಕೆ, 980 ರೂಪಾಯಿ ಜಮಾ ಆಯಿತು. ನಾನು ಅದನ್ನು ಹಳೇ ಯುಟಿಆರ್ ನಂಬರ್ ಹಾಕಿ ಹುಡುಕುತ್ತಿದ್ದೆ, ಸಿಗಲಿಲ್ಲ. ಸ್ಟೇಟ್‌ಮೆಂಟ್‌ನಲ್ಲಿ ಅದು ಬೇರೆ ನಂಬರಿನ ಹೊಸ ಸಾಲಾಗಿ ಬಂದಿತ್ತು. ಮೊತ್ತ ನೋಡಿ ಹುಡುಕಿದ ಮೇಲೆ ಕಣ್ಣಿಗೆ ಬಿತ್ತು.

ಪರಿಹಾರದ ದುಡ್ಡು ಜೊತೆಗೆ ಬರಲಿಲ್ಲ. ಗ್ರಾಹಕ ಕೇಳದೇ ಇದ್ದರೂ ಕೊಡಬೇಕು ಅಂತ ಸುತ್ತೋಲೆ ಹೇಳುತ್ತದೆ. ಆದ್ದರಿಂದ ಅದೇ ಮೇಲ್‌ಗೆ ಮತ್ತೆ ಉತ್ತರ ಬರೆದೆ: 16 ಮತ್ತು 17, ಎರಡು ದಿನ ತಡ, 200 ರೂಪಾಯಿ ಬಾಕಿ ಇದೆ. ಮುಂದಿನ ಮಂಗಳವಾರ ಮಧ್ಯಾಹ್ನ ಅದೂ ಖಾತೆಗೆ ಬಂತು.