ಅಂಗಡಿಗೆ ವಯರ್ ಕ್ಯಾಮರಾ, ಗೋಡೌನಿಗೆ ವೈಫೈ ಕ್ಯಾಮರಾ: ನನ್ನ ಅನುಭವ

ಉಡುಪಿಯ ಸಂತೆಕಟ್ಟೆ ಹತ್ತಿರ ನನ್ನದೊಂದು ದಿನಸಿ ಅಂಗಡಿ ಇದೆ. 12 ಅಡಿ ಅಗಲ, 18 ಅಡಿ ಉದ್ದ. ಕೆಂಪುಕಲ್ಲಿನ ಗೋಡೆ, ಮೇಲೆ ಹಂಚು. ಹಿಂದಿನ ಅಂಗಳ ದಾಟಿದರೆ ಒಂದು ಸಣ್ಣ ಗೋಡೌನು. ಕುಚಲಕ್ಕಿ ಮೂಟೆ, ಎಣ್ಣೆ ಡಬ್ಬ, ಹಿಂಡಿ ಎಲ್ಲ ಅಲ್ಲಿರುತ್ತದೆ. ಗೋಡೌನಿಗೆ ಕರೆಂಟ್ ಇಲ್ಲ.

ಮೊದಲು ನಾನು ಹಾಕಿದ್ದು ಒಂದೇ ಒಂದು ವೈಫೈ ಕ್ಯಾಮರಾ. ಗಲ್ಲೆಯ ಮೇಲೆ ಸ್ಕ್ರೂ ಹೊಡೆದು ಕೂರಿಸಿ, ಒಳಗೆ ಮೆಮೊರಿ ಕಾರ್ಡ್ ಹಾಕಿ, ಮೊಬೈಲಿನಲ್ಲಿ ಆ್ಯಪ್ ಇಳಿಸಿಕೊಂಡೆ. ಅರ್ಧ ಗಂಟೆಯ ಕೆಲಸ. ಮನೆಯಲ್ಲಿ ಊಟ ಮಾಡುತ್ತಾ ಅಂಗಡಿ ನೋಡಬಹುದು ಅಂತ ಖುಷಿಯಾಗಿತ್ತು.

ಆ ವರ್ಷ ಮೇ ತಿಂಗಳ ಒಂದು ರಾತ್ರಿ ಜೋರು ಗುಡುಗು ಮಳೆ ಬಂತು. ಹತ್ತೂವರೆಗೆ ಹೋದ ಕರೆಂಟ್ ಬಂದದ್ದು ಬೆಳಗ್ಗೆ ಐದಕ್ಕೆ. ಆರಕ್ಕೆ ಹೋಗಿ ಶಟರ್ ಎತ್ತಿದರೆ ಒಳಗೆ ನೆಲವೆಲ್ಲ ಒದ್ದೆ. ತಲೆ ಎತ್ತಿ ನೋಡಿದೆ, ನಾಲ್ಕು ಹಂಚು ಜಾಗದಲ್ಲಿರಲಿಲ್ಲ, ಆಕಾಶ ಕಾಣುತ್ತಿತ್ತು. ಗಲ್ಲೆಯಲ್ಲಿ ಬಿಟ್ಟಿದ್ದ ಚಿಲ್ಲರೆ, ಸಿಗರೇಟಿನ ಪ್ಯಾಕುಗಳು, ಎರಡು ಡಬ್ಬ ತೆಂಗಿನೆಣ್ಣೆ ಹೋಗಿತ್ತು. ಕೂಡಲೇ ಆ್ಯಪ್ ತೆರೆದೆ. 10 ಗಂಟೆ 34 ನಿಮಿಷದವರೆಗೆ ರೆಕಾರ್ಡ್ ಇತ್ತು. ಆಮೇಲೆ ಬೆಳಗ್ಗಿನವರೆಗೆ ಏನೂ ಇಲ್ಲ.

ವಯರ್‌ಲೆಸ್ ಅಂದರೆ ವಯರೇ ಬೇಡ ಅಂತ ನಾನು ತಿಳಿದಿದ್ದೆ. ಚಿತ್ರ ಹೋಗುವುದಕ್ಕೆ ವಯರ್ ಬೇಡ, ಅಷ್ಟೇ. ಕ್ಯಾಮರಾ ಓಡುವುದಕ್ಕೆ ಅಡಾಪ್ಟರ್ ಬೇಕು, ಅಡಾಪ್ಟರಿಗೆ ಕರೆಂಟ್ ಬೇಕು. ಮೊಬೈಲಿಗೆ ಸುದ್ದಿ ಬರಬೇಕಾದರೆ ರೌಟರಿಗೂ ಕರೆಂಟ್ ಬೇಕು. ನಮ್ಮ ಕರಾವಳಿಯಲ್ಲಿ ಕರೆಂಟ್ ಹೋಗುವುದು ಮಳೆಯ ರಾತ್ರಿಯಲ್ಲಿ. ಹಂಚು ಸರಿಸಿದ ಸದ್ದು ಯಾರಿಗೂ ಕೇಳಿಸದೆ ಇರುವುದೂ ಅದೇ ರಾತ್ರಿಯಲ್ಲಿ.

ವಯರಿಂಗ್ ಮಾಡುವವರೊಬ್ಬರು ಬಂದು ನೋಡಿ ಒಂದೇ ಮಾತು ಹೇಳಿದರು: "ಅಣ್ಣ, ಕ್ಯಾಮರಾ ಯಾವುದು ಅಂತ ಆಮೇಲೆ ನೋಡುವ. ಮೊದಲು ಇನ್ವರ್ಟರ್ ಹಾಕಿ." ಅವರ ಮಾತು ಕೇಳಿ ಎರಡನ್ನೂ ಒಟ್ಟಿಗೆ ಮಾಡಿಸಿದೆ. ನಾಲ್ಕು ವಯರ್ ಕ್ಯಾಮರಾ, ಅವುಗಳ ಚಿತ್ರ ಬರೆದಿಡುವ ಒಂದು ಡಿವಿಆರ್, ಅದರೊಳಗೆ 1 ಟಿಬಿ ಹಾರ್ಡ್ ಡಿಸ್ಕ್, 100 ಆಂಪ್‌ಅವರ್ ಬ್ಯಾಟರಿಯ ಇನ್ವರ್ಟರ್. ಕ್ಯಾಮರಾಗಳೂ ಡಿವಿಆರೂ ಸೇರಿ ರಾತ್ರಿ ಹೊತ್ತು ಸುಮಾರು 30 ವಾಟ್ ತಿನ್ನುತ್ತವೆ. ಇನ್ವರ್ಟರ್ ತಾನೇ ತಿನ್ನುವುದನ್ನು ಲೆಕ್ಕಕ್ಕೆ ಹಿಡಿದರೂ ಒಳ್ಳೆ ಬ್ಯಾಟರಿಯಲ್ಲಿ ಇಡೀ ರಾತ್ರಿ ಧಾರಾಳ ಓಡುತ್ತದೆ. ಕಂಪ್ಯೂಟರಿಗೆ ಇಡುವ ಸಣ್ಣ ಯುಪಿಎಸ್ ಸಾಕಲ್ವಾ ಅಂತ ಕೇಳಿದ್ದೆ. ಮನೆಯಲ್ಲಿದ್ದ ಒಂದನ್ನು ತಂದು ಹಾಕಿಯೂ ನೋಡಿದೆ. ಎರಡು ಗಂಟೆ ಆಗುವ ಮೊದಲೇ ಕೂಗಿ ಆಫ್ ಆಯಿತು. ಅದರ ಬ್ಯಾಟರಿ 7 ಆಂಪ್‌ಅವರ್ ಮಾತ್ರ, ಅದರಿಂದ ಬೆಳಗಾಗುವವರೆಗೆ ಎಳೆಯಲಿಕ್ಕೆ ಆಗುವುದಿಲ್ಲ.

ಈ ಸಲ ಒಂದು ಕ್ಯಾಮರಾವನ್ನು ಹಂಚಿನ ಕಡೆ ನೋಡುವ ಹಾಗೆ ಹಾಕಿಸಿದೆ. ಡಿವಿಆರನ್ನು ಗಲ್ಲೆಯ ಹತ್ತಿರ ಇಡಲಿಲ್ಲ. ಕಳ್ಳ ಅದನ್ನೇ ಎತ್ತಿಕೊಂಡು ಹೋದರೆ ನಾಲ್ಕು ಕ್ಯಾಮರಾ ಇದ್ದೂ ಪ್ರಯೋಜನ ಇಲ್ಲ. ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಗಾಳಿ ಆಡಲು ತೂತು ಕೊರೆಸಿ, ಹಳೆ ಗೋಣಿಗಳ ಹಿಂದೆ ಅಟ್ಟದಲ್ಲಿ ಕೂರಿಸಿದೆವು. ಗಿರಾಕಿಗಳ ಮುಖ ನೋಡುವ ಕ್ಯಾಮರಾ ಮೊದಲು ರಸ್ತೆಗೆ ಎದುರಾಗಿತ್ತು. ಹಗಲಿನ ಬೆಳಕಿಗೆ ಬಾಗಿಲಲ್ಲಿ ನಿಂತವರೆಲ್ಲ ಕಪ್ಪು ನೆರಳಿನ ಹಾಗೆ ಕಾಣುತ್ತಿದ್ದರು. ಅದನ್ನು ಪಕ್ಕದ ಗೋಡೆಗೆ, ಏಳು ಅಡಿ ಎತ್ತರಕ್ಕೆ ಇಳಿಸಿದ ಮೇಲೆ ಮುಖ ಚೆನ್ನಾಗಿ ಬಂತು.

ವಯರ್ ಕ್ಯಾಮರಾದ ಬೆಲೆ ನನಗೆ ಗೊತ್ತಾದದ್ದು ಕಳ್ಳತನದಿಂದ ಅಲ್ಲ, ಒಂದು ಲೆಕ್ಕದಿಂದ. ಸಾಬೂನಿನ ಪೆಟ್ಟಿಗೆ ಪ್ರತಿ ತಿಂಗಳೂ ಒಂದು ಕಡಿಮೆ ಬೀಳುತ್ತಿತ್ತು. ಅಂಗಡಿಯ ಹುಡುಗನ ಮೇಲೆ ನನಗೆ ಸಂಶಯ ಬಂದಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ. ಒಂದು ಸಲ ಸ್ಟಾಕ್ ನೋಡುವಾಗ ಮಾಲು ಬಂದು 12 ದಿನ ಆಗಿತ್ತು. ಡಿವಿಆರಿನಲ್ಲಿ ಆ ದಿನಕ್ಕೆ ಹೋಗಿ ಮಾಲು ಇಳಿಸುವುದನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಟೆಂಪೋದಿಂದ ಇಳಿದದ್ದು ಒಂಬತ್ತು ಪೆಟ್ಟಿಗೆ, ಬಿಲ್ಲಿನಲ್ಲಿ ಹತ್ತು. ನಾನು ಗಿರಾಕಿಗೆ ಸಕ್ಕರೆ ತೂಗುತ್ತಾ ಎಣಿಸದೆ ಸಹಿ ಹಾಕಿದ್ದು ಕೂಡ ಅದರಲ್ಲೇ ಇತ್ತು. ಹುಡುಗನ ತಪ್ಪು ಏನೂ ಇರಲಿಲ್ಲ. ಅವನಿಗೆ ಆ ದಿನವೇ ವಿಷಯ ಹೇಳಿದೆ.

ಹಳೆ ವೈಫೈ ಕ್ಯಾಮರಾದಲ್ಲಿ ಇದು ಸಿಗುತ್ತಿರಲಿಲ್ಲ. ಅದನ್ನು ನಾನು ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಹಾಗೆ ಇಟ್ಟಿದ್ದೆ, ಇಲ್ಲದಿದ್ದರೆ ಕಾರ್ಡ್ ಬೇಗ ತುಂಬುತ್ತಿತ್ತು. ತುಂಡು ತುಂಡು ವಿಡಿಯೋ, ನಡುವೆ ಖಾಲಿ. ಹತ್ತು ಪೆಟ್ಟಿಗೆ ಎಣಿಸಬೇಕಾದರೆ ನಡುವೆ ಒಂದು ನಿಮಿಷವೂ ಬಿಟ್ಟುಹೋಗಬಾರದು. ಡಿವಿಆರ್ ಹಗಲು ರಾತ್ರಿ ಬಿಡದೆ ಬರೆಯುತ್ತದೆ. ಎಷ್ಟು ದಿನ ಉಳಿಯುತ್ತದೆ ಅನ್ನುವ ಲೆಕ್ಕ ಸುಲಭ. ನಾನು ಸೆಟ್ಟಿಂಗಿನಲ್ಲಿ ವಿಡಿಯೋವನ್ನು ಕಡಿಮೆ ಜಾಗದಲ್ಲಿ ಉಳಿಸುವ H.265 ಆರಿಸಿ, ಪ್ರತಿ ಕ್ಯಾಮರಾಕ್ಕೆ ಬರೆಯುವ ವೇಗ 1024 Kbps ಇಟ್ಟಿದ್ದೇನೆ. ಒಂದು ಕ್ಯಾಮರಾ ದಿನಕ್ಕೆ ಸುಮಾರು 11 ಜಿಬಿ ಬರೆಯುತ್ತದೆ, ನಾಲ್ಕಕ್ಕೆ 44. 1 ಟಿಬಿ ಡಿಸ್ಕಿನಲ್ಲಿ ಮೂರು ವಾರ. ಆಮೇಲೆ ಹಳೆಯದರ ಮೇಲೆಯೇ ಹೊಸದು ಬರುತ್ತದೆ. ಅದಕ್ಕೆ ಈಗ ಸ್ಟಾಕನ್ನು ಎರಡು ವಾರಕ್ಕೊಮ್ಮೆ ನೋಡುತ್ತೇನೆ, ತಿಂಗಳಿಗೊಮ್ಮೆ ಅಲ್ಲ.

ಇಷ್ಟೆಲ್ಲ ಸರಿಯಾದರೂ ನಾಲ್ಕನೇ ಕ್ಯಾಮರಾ ನನಗೆ ತುಂಬಾ ಕಷ್ಟ ಕೊಟ್ಟಿತು. ಅದು ಗೋಡೌನಿನದ್ದು. ಅಂಗಡಿಯಿಂದ ಅಲ್ಲಿಗೆ 40 ಮೀಟರ್ ವಯರನ್ನು ಅಂಗಳದ ಮೇಲಿಂದ, ತೆಂಗಿನಮರಕ್ಕೆ ಕಟ್ಟಿ ಎಳೆದಿದ್ದೆವು. ಹಗಲು ಚಿತ್ರ ಚಂದ ಬರುತ್ತಿತ್ತು. ಕತ್ತಲಾದ ಕೂಡಲೇ ಚಿತ್ರ ನಡುಗಿ, ಹೋಗಿ, ಮತ್ತೆ ಬರುತ್ತಿತ್ತು. ಕ್ಯಾಮರಾ ಹಾಳು ಅಂತ ಬದಲಾಯಿಸಿದೆ. ಹೊಸದೂ ಹಾಗೇ ಮಾಡಿತು. ಕೊನೆಗೆ ವಯರಿಂಗಿನವರು ರಾತ್ರಿ ಎಂಟು ಗಂಟೆಗೆ ಏಣಿ ಹತ್ತಿ ಮಲ್ಟಿಮೀಟರ್ ಹಿಡಿದರು. ಡಿವಿಆರಿನ ಹತ್ತಿರ 12 ವೋಲ್ಟ್ ಇತ್ತು. ಕ್ಯಾಮರಾದ ಹತ್ತಿರ 9.8. ಕತ್ತಲಲ್ಲಿ ಕ್ಯಾಮರಾದ ಕೆಂಪು ಲೈಟುಗಳು ಹೊತ್ತಿಕೊಂಡು ಜಾಸ್ತಿ ಕರೆಂಟ್ ಎಳೆಯುತ್ತವೆ. ವಯರ್ ಉದ್ದ, ಅದರ ಒಳಗಿದ್ದದ್ದು ಪೂರ್ತಿ ತಾಮ್ರ ಅಲ್ಲ, ತಾಮ್ರ ಬಳಿದ ಅಲ್ಯೂಮಿನಿಯಂ. ಹಾಗಾಗಿ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತಿತ್ತು. ಬ್ಲೇಡಿನಲ್ಲಿ ಕೆರೆದಾಗ ಬೆಳ್ಳಗೆ ಕಂಡಿತು. ವಯರ್ ಕೊಳ್ಳುವಾಗಲೇ ತುದಿ ಕೆರೆದು ನೋಡಿದ್ದರೆ ಈ ಒದ್ದಾಟ ಇರುತ್ತಿರಲಿಲ್ಲ. ಹಗಲು ಸರಿ ಇದ್ದು ರಾತ್ರಿ ಮಾತ್ರ ಕೈಕೊಡುವ ಕ್ಯಾಮರಾ ಇದ್ದರೆ ಮೊದಲು ವೋಲ್ಟೇಜ್ ನೋಡಿಸಿ, ಅದೂ ರಾತ್ರಿ ಹೊತ್ತಿನಲ್ಲಿ, ಕ್ಯಾಮರಾದ ತುದಿಯಲ್ಲಿ.

ತಾಮ್ರದ ವಯರ್ ಹಾಕಿಸಿದೆವು, ಸರಿಯಾಯಿತು. ಅಕ್ಟೋಬರಿನಲ್ಲಿ ಸಂಜೆ ಸಿಡಿಲು ಶುರುವಾಯಿತು. ನಮ್ಮ ಕಡೆ ಮಳೆಗಾಲದ ನಡುವಿಗಿಂತ ಅದರ ಮೊದಲು ಮತ್ತು ನಂತರವೇ ಸಿಡಿಲು ಜಾಸ್ತಿ, ನಿಮಗೂ ಗೊತ್ತಿರುತ್ತದೆ. ಒಂದು ದಿನ ಹತ್ತಿರದಲ್ಲೇ ಎಲ್ಲೋ ಬಿತ್ತು. ಟಿವಿ ಪರದೆಯಲ್ಲಿ ನಾಲ್ಕರಲ್ಲಿ ಎರಡು ಚೌಕ ಕಪ್ಪಾಗಿ VIDEO LOSS ಅಂತ ಬಂತು. ಗೋಡೌನಿನ ಕ್ಯಾಮರಾ ಸುಟ್ಟಿತ್ತು. ಡಿವಿಆರಿನಲ್ಲಿ ಅದರ ಜಾಗವೂ ಪಕ್ಕದ ಜಾಗವೂ ಸತ್ತಿದ್ದವು. ಸಿಡಿಲು ನೇರ ವಯರಿಗೆ ಬೀಳಬೇಕಾಗಿಲ್ಲ. ಬಯಲಿನಲ್ಲಿ ಎಳೆದ ಉದ್ದ ವಯರಿಗೆ ಹತ್ತಿರದ ಸಿಡಿಲಿನಿಂದಲೇ ಒಮ್ಮೆಗೆ ವೋಲ್ಟೇಜ್ ಹತ್ತುತ್ತದೆ, ಅದು ಸೀದಾ ಡಿವಿಆರಿನ ಒಳಗೆ ಬರುತ್ತದೆ. ಕರೆಂಟಿನ ಪ್ಲಗ್ ಕಿತ್ತಿಟ್ಟರೂ ಆ ದಾರಿ ತೆರೆದೇ ಇರುತ್ತದೆ. ಹಾರ್ಡ್ ಡಿಸ್ಕ್ ಉಳಿಯಿತು. ಡಿವಿಆರ್ ಹೊಸದು ತರಬೇಕಾಯಿತು.

ಆಗ ನಾನು ಗೋಡೌನಿಗೆ ವೈಫೈ ಕ್ಯಾಮರಾ ಹಾಕುವುದು ಅಂತ ನಿರ್ಧಾರ ಮಾಡಿದೆ. ಸೋಲಾರ್ ತಟ್ಟೆ ಮತ್ತು ಒಳಗೇ ಬ್ಯಾಟರಿ ಇರುವಂಥದ್ದು. ಇಲ್ಲಿ ಅದೇ ಸರಿ, ಯಾಕೆಂದರೆ ಅಂಗಡಿಗೂ ಅದಕ್ಕೂ ನಡುವೆ ಯಾವ ತಂತಿಯೂ ಇಲ್ಲ. ಸಿಡಿಲಿಗೆ ಹೋದರೂ ಅದೊಂದೇ ಹೋಗಬಹುದು, ಆ ದಾರಿಯಿಂದ ಡಿವಿಆರಿಗೆ ಏನೂ ಆಗುವುದಿಲ್ಲ. ರೌಟರನ್ನು ಅದೇ ಇನ್ವರ್ಟರಿಗೆ ಸೇರಿಸಿದ್ದೇನೆ.

ಸಿಗ್ನಲ್ ಮಾತ್ರ ಮೊದಲು ಸಿಗಲಿಲ್ಲ. ರೌಟರ್ ಗಲ್ಲೆಯ ಕೆಳಗಿತ್ತು. ಅಲ್ಲಿಂದ ಗೋಡೌನಿಗೆ ಹೋಗಬೇಕಾದರೆ ಕಬ್ಬಿಣದ ರ‍್ಯಾಕುಗಳು ಮತ್ತು ದಪ್ಪ ಕೆಂಪುಕಲ್ಲಿನ ಗೋಡೆ ಅಡ್ಡ. ರೌಟರನ್ನು ಹಿಂದಿನ ಮರದ ಕಿಟಕಿಯ ಮೇಲಿನ ಹಲಗೆಗೆ ಏರಿಸಿದೆ, ವೈಫೈಯನ್ನು ಹೆಚ್ಚು ದೂರ ಹೋಗುವ 2.4 GHz ಒಂದಕ್ಕೇ ಇಟ್ಟೆ. ಕ್ಯಾಮರಾ ಸ್ಕ್ರೂ ಹೊಡೆಯುವ ಮೊದಲು ಅದನ್ನು ಕೈಯಲ್ಲೇ ಹಿಡಿದು ಗೋಡೌನಿನ ಮಾಡಿನ ಕೆಳಗೆ ನಿಂತೆ. ಮಡದಿ ಅಂಗಡಿಯೊಳಗಿಂದ ಮೊಬೈಲಿನಲ್ಲಿ ನೋಡಿ "ಈಗ ಬಂತು, ಅಲ್ಲೇ ಇರಿ" ಅಂದಳು. ಆ ಜಾಗದಲ್ಲೇ ಗುರುತು ಹಾಕಿದೆ.

ಬ್ಯಾಟರಿ ಕ್ಯಾಮರಾಕ್ಕೆ ಅದರದ್ದೇ ಮಿತಿ ಇದೆ. ಯಾವಾಗಲೂ ನಿದ್ದೆ, ಮನುಷ್ಯನ ಮೈಯ ಬಿಸಿ ಅಲುಗಾಡಿದಾಗ ಮಾತ್ರ ಎಚ್ಚರ. ಎಚ್ಚರವಾಗಲು ಒಂದೆರಡು ಸೆಕೆಂಡು ಬೇಕು. ನೇರ ಕ್ಯಾಮರಾದ ಕಡೆಗೇ ನಡೆದು ಬಂದರೆ ತಡವಾಗಿ ಗೊತ್ತಾಗುತ್ತದೆ, ಅಡ್ಡ ಹಾದುಹೋದರೆ ಬೇಗ. ಹಾಗಾಗಿ ಬಾಗಿಲಿನ ಮೇಲೆ ಹಾಕದೆ ಪಕ್ಕದ ಮೂಲೆಗೆ ಹಾಕಿದೆ. ಈಗ ಅಂಗಳ ದಾಟಿ ಬರುವವರು ಅದರ ಮುಂದೆ ಅಡ್ಡವಾಗಿಯೇ ಹಾಯಬೇಕು. ನಾನೇ ರಾತ್ರಿ ಮೂರು ನಾಲ್ಕು ಸಲ ನಡೆದು ನೋಡಿದ್ದೇನೆ, ಬೀಗಕ್ಕೆ ಕೈ ಹಾಕುವ ಮೊದಲೇ ಮೊಬೈಲ್ ಕೂಗುತ್ತದೆ.

ಇನ್ನೊಂದು, ಜೂನ್‌ನಿಂದ ಆಗಸ್ಟ್‌ವರೆಗೆ ಸೋಲಾರನ್ನು ನಂಬುವ ಹಾಗಿಲ್ಲ. ಮೋಡ ಬಿಡುವುದೇ ಇಲ್ಲ. ಮೊದಲ ಮಳೆಗಾಲದಲ್ಲಿ ಆ್ಯಪ್ ನೋಡುತ್ತಾ ಇದ್ದೆ, ಬ್ಯಾಟರಿ 80ರಿಂದ 60, 60ರಿಂದ 35 ಅಂತ ಇಳಿಯುತ್ತಾ ಹೋಯಿತು. ಈಗ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ, ಅದನ್ನು ಇಳಿಸಿ ಮನೆಗೆ ತರುತ್ತೇನೆ. ಚಾರ್ಜಿಗಿಟ್ಟು, ಗಾಜು ಒರೆಸಿ, ಕತ್ತಲಾಗುವ ಮೊದಲು ವಾಪಸು ಹಾಕುತ್ತೇನೆ. ಅದೇ ಏಣಿಯಲ್ಲಿ ಅಂಗಡಿಯ ಹೊರಗಿನ ಕ್ಯಾಮರಾದ ಕನೆಕ್ಟರನ್ನೂ ಬಿಚ್ಚಿ ನೋಡುತ್ತೇನೆ. ಉಪ್ಪುಗಾಳಿಗೆ ಅದರ ತುದಿ ಹಸಿರು ಹಿಡಿಯುತ್ತದೆ. ಹಸಿರು ಕಂಡರೆ ಕತ್ತರಿಸಿ ಹೊಸದು ಹಾಕಿ, ಮೇಲೆ ಟೇಪು ಸುತ್ತಿ, ವಯರ್ ಒಳಬರುವ ಕಡೆ ಸ್ವಲ್ಪ ಕೆಳಕ್ಕೆ ಬಾಗಿಸಿ ಬಿಡುತ್ತೇನೆ. ಆಗ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ, ಗೋಡೆಯೊಳಗೆ ಬರುವುದಿಲ್ಲ.